ಗುಣಮಟ್ಟ ಮೇಲ್ವಿಚಾರಕ ಹುದ್ದೆ: ತಮ್ಮ ಪತ್ರಕ್ಕೆ ಉತ್ತರ ಮತ್ತು ಒಂದು ಕೋರಿಕೆ

ಸುಂಟಿಕೊಪ್ಪ
ದಿನಾಂಕ: 19.06.2025

ಇವರಿಗೆ,
ವ್ಯವಸ್ಥಾಪಕರು, ಸಿಬ್ಬಂದಿ ವಿಭಾಗ,
ಕಾಫಿ ಕ್ಯೂರಿಂಗ್ ವರ್ಕ್ಸ್,
ಕುಶಾಲನಗರ, ಕೊಡಗು ಜಿಲ್ಲೆ.

ವಿಷಯ: ಗುಣಮಟ್ಟ ಮೇಲ್ವಿಚಾರಕ ಹುದ್ದೆಯ ಆಯ್ಕೆಯ ಕುರಿತು ತಾವು ಬರೆದ ಪತ್ರಕ್ಕೆ ಉತ್ತರ, ಹಾಗೂ ಮುಂದೆ ತೆರವಾಗುವ ಇಂಥದೇ ಹುದ್ದೆಗಳಿಗೆ ನನ್ನ ಅರ್ಜಿಯನ್ನು ಪರಿಗಣಿಸುವಂತೆ ಕೋರಿಕೆ.

ಉಲ್ಲೇಖ: 1. ದಿನಾಂಕ 28.04.2025ರ ನನ್ನ ಅರ್ಜಿ. 2. ದಿನಾಂಕ 22.05.2025ರ ಸಂದರ್ಶನ. 3. ದಿನಾಂಕ 13.06.2025ರ ತಮ್ಮ ಪತ್ರ.

ಮಾನ್ಯರೇ,

ಮೇಲಿನ ಹುದ್ದೆಗೆ ತಮ್ಮ ಸಂಸ್ಥೆಯಲ್ಲೇ ಕೆಲಸ ಮಾಡುತ್ತಿರುವ ಒಬ್ಬರನ್ನು ಆಯ್ಕೆ ಮಾಡಿರುವುದಾಗಿ ತಿಳಿಸಿದ ತಮ್ಮ ಪತ್ರ ನನಗೆ ತಲುಪಿದೆ. ಕಳೆದ ವಾರದ ಮಳೆಗಾಳಿಗೆ ನಮ್ಮ ಕಡೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ, ಫೋನಿಗೆ ಸಿಗ್ನಲ್ಲೂ ಸಿಗಲಿಲ್ಲ. ಹಾಗಾಗಿ ಉತ್ತರ ಬರೆಯುವುದು ತಡವಾಯಿತು, ಕ್ಷಮಿಸಬೇಕು. ಆಯ್ಕೆಯಾಗದವರಿಗೂ ಕಾರಣ ಸಹಿತ ಪತ್ರ ಬರೆಯುವ ಸಂಸ್ಥೆಗಳು ನನ್ನ ಅನುಭವದಲ್ಲಿ ಕಡಿಮೆ. ಈ ಹಿಂದೆ ಎರಡು ಕಡೆ ಸಂದರ್ಶನಕ್ಕೆ ಹೋಗಿ ಬಂದ ಮೇಲೆ ತಿಂಗಳುಗಟ್ಟಲೆ ಕಾದರೂ ಹೌದು ಅಥವಾ ಇಲ್ಲ ಎಂಬ ಮಾತು ಬರಲಿಲ್ಲ. ಆದ್ದರಿಂದ ತಮ್ಮ ಪತ್ರದಲ್ಲಿ ಬಂದ ಸುದ್ದಿ ನಾನು ಬಯಸಿದ್ದಲ್ಲದಿದ್ದರೂ, ಅದನ್ನು ತಾವು ತಿಳಿಸಿದ ರೀತಿಗೆ ಮನಃಪೂರ್ವಕ ಧನ್ಯವಾದ ಹೇಳುತ್ತೇನೆ.

ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಸಂಸ್ಥೆಯ ಒಳಗಿನವರೂ ಅರ್ಜಿ ಹಾಕಿದ್ದಾರೆಂದು ಸಂದರ್ಶನದ ಆರಂಭದಲ್ಲೇ ತಾವು ಹೇಳಿದ್ದಿರಿ, ಹಾಗಾಗಿ ಈ ಆಯ್ಕೆಯ ಬಗ್ಗೆ ನನ್ನಲ್ಲಿ ಯಾವ ಆಕ್ಷೇಪವೂ ಇಲ್ಲ. ಯಾವ ಗೋಡೌನಿನ ಯಾವ ಮೂಲೆಯಲ್ಲಿ ಮಳೆಗಾಲದಲ್ಲಿ ತೇವ ಏರುತ್ತದೆ, ಯಾವ ಕಡೆಯ ತೋಟದಿಂದ ಬರುವ ಚೆರಿ ಕಣದಲ್ಲಿ ಪೂರ್ತಿ ಒಣಗದೆಯೇ ಚೀಲ ಸೇರಿರುತ್ತದೆ ಎಂಬುದನ್ನೆಲ್ಲ ಹಲವು ಸೀಸನ್ ಅಲ್ಲೇ ನಿಂತು ನೋಡಿದವರಷ್ಟು ಚೆನ್ನಾಗಿ ಹೊರಗಿನಿಂದ ಬಂದವರು ಮೊದಲ ವರ್ಷವೇ ತಿಳಿಯಲಾರರು. ಆಯ್ಕೆಯಾದವರಿಗೆ ನನ್ನ ಅಭಿನಂದನೆಗಳನ್ನು ದಯವಿಟ್ಟು ತಲುಪಿಸಬೇಕು.

ಇನ್ನು ಈ ಪತ್ರದ ಮುಖ್ಯ ಉದ್ದೇಶ. ತಮ್ಮಲ್ಲಿ ಮುಂದೆ ತೆರವಾಗುವ ಇದೇ ಬಗೆಯ ಹುದ್ದೆಗಳಿಗೆ ನನ್ನ ಅರ್ಜಿಯನ್ನು ಪರಿಗಣಿಸಬೇಕೆಂದು ವಿನಂತಿಸುತ್ತೇನೆ. ‘ಯಾವುದಾದರೂ ಕೆಲಸ ಇದ್ದರೆ ತಿಳಿಸಿ’ ಎಂದು ಬರೆದರೆ ಓದುವವರಿಗೆ ಅದರಿಂದ ಹೆಚ್ಚು ಉಪಯೋಗವಾಗದು, ಆದ್ದರಿಂದ ನನ್ನ ಮನಸ್ಸಿನಲ್ಲಿ ಇರುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದನ್ನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಒಳಗಿನವರೊಬ್ಬರು ಮೇಲ್ವಿಚಾರಕರಾಗಿ ಮೇಲೆ ಹೋಗಿರುವುದರಿಂದ ಅವರು ಇಲ್ಲಿಯವರೆಗೆ ನೋಡಿಕೊಳ್ಳುತ್ತಿದ್ದ ಕೆಲಸಕ್ಕೆ ಬೇರೆಯವರು ಬೇಕಾಗಬಹುದು. ಆ ಸ್ಥಾನವನ್ನು ತುಂಬುವ ಉದ್ದೇಶ ಇದೆಯೋ ಇಲ್ಲವೋ, ಇದ್ದರೆ ಅದಕ್ಕೂ ಈಗಾಗಲೇ ಯಾರನ್ನಾದರೂ ಗುರುತಿಸಿದ್ದೀರೋ ಎಂಬುದು ಸಂಸ್ಥೆಯ ಆಂತರಿಕ ವಿಚಾರ. ಹಾಗೇನೂ ಇಲ್ಲದೆ ಹೊರಗಿನಿಂದ ಜನ ತೆಗೆದುಕೊಳ್ಳುವುದಾದರೆ, ಅದು ನಾನು ಅರ್ಜಿ ಹಾಕಿದ್ದ ಹುದ್ದೆಗಿಂತ ಒಂದು ಮೆಟ್ಟಿಲು ಕೆಳಗಿನದಾಗಿದ್ದರೂ, ಸಂಬಳ ಅದಕ್ಕೆ ತಕ್ಕಂತೆ ಕಡಿಮೆಯಿದ್ದರೂ, ಸಂತೋಷದಿಂದ ಬರುತ್ತೇನೆ. ಸ್ಯಾಂಪಲ್ ತೆಗೆಯುವುದು, ತೇವಾಂಶ ನೋಡುವುದು, ಔಟ್‌ಟರ್ನ್ ಲೆಕ್ಕ ಬರೆಯುವುದು, ಚೀಲ ಇಳಿಸುವಲ್ಲಿ ನಿಲ್ಲುವುದು ಇವೆಲ್ಲ ನಾನು ಈಗಲೂ ದಿನನಿತ್ಯ ಮಾಡುತ್ತಿರುವ ಕೆಲಸಗಳೇ.

ಎರಡನೆಯದು ಸೀಸನ್ ಕೆಲಸ. ಡಿಸೆಂಬರಿನಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ ಬರಲು ಶುರುವಾದರೆ ರೋಬಸ್ಟಾ ಚೆರಿಯ ಲೋಡು ಮುಗಿಯುವ ಹೊತ್ತಿಗೆ ಏಪ್ರಿಲ್, ಕೆಲವು ವರ್ಷ ಮೇ ತಿಂಗಳೂ ಆಗಿಬಿಡುತ್ತದೆ. ಆ ಅವಧಿಗೆ ಮಾತ್ರ ಹೆಚ್ಚುವರಿ ಪರಿವೀಕ್ಷಕರನ್ನು ತೆಗೆದುಕೊಳ್ಳುವ ಪದ್ಧತಿ ತಮ್ಮಲ್ಲಿದ್ದರೆ ಅದಕ್ಕೂ ನಾನು ಸಿದ್ಧ. ಕುಶಾಲನಗರವೇ ಆಗಬೇಕೆಂದಿಲ್ಲ, ಸಿದ್ದಾಪುರ ಅಥವಾ ಗೋಣಿಕೊಪ್ಪಲು ಕಡೆ ಖರೀದಿ ಕೇಂದ್ರ ತೆರೆದರೂ ಅಲ್ಲೇ ಉಳಿದುಕೊಂಡು ಕೆಲಸ ಮಾಡಬಲ್ಲೆ.

ಮೂರನೆಯದು ತೋಟಗಳ ಸ್ಥಳ ಮಾಹಿತಿ ಸಂಗ್ರಹಿಸುವ ಕೆಲಸ. ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿದ ಅರಣ್ಯನಾಶ ತಡೆ ನಿಯಮದಿಂದಾಗಿ ಅಲ್ಲಿಗೆ ಹೋಗುವ ಕಾಫಿ ಯಾವ ತೋಟದಲ್ಲಿ ಬೆಳೆದದ್ದೆಂದು ತೋರಿಸಬೇಕಾಗುತ್ತದೆ ಎಂಬ ವಿಚಾರ ಸಂದರ್ಶನದಲ್ಲೂ ಬಂದಿತ್ತು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಅದರ ಗಡಿರೇಖೆಯನ್ನೇ ಗುರುತಿಸಬೇಕು, ಅದಕ್ಕಿಂತ ಚಿಕ್ಕದಾದರೆ ಒಂದು ಬಿಂದು ಸಾಕು. ನಮ್ಮ ಸುತ್ತಲಿನ ಸಣ್ಣ ಬೆಳೆಗಾರರಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿನವರು. ಆದರೆ ‘ಇದನ್ನೆಲ್ಲ ಯಾಕೆ ಕೇಳುತ್ತೀರಿ, ನಾಳೆ ಜಾಗಕ್ಕೆ ಏನಾದರೂ ತೊಂದರೆಯಾದರೆ?’ ಎಂಬ ಅವರ ಪ್ರಶ್ನೆಗೆ ಅಂಗಳದಲ್ಲಿ ಕುಳಿತು, ಕೊಟ್ಟ ಕಾಫಿ ಕುಡಿದು, ಅವರದೇ ಭಾಷೆಯಲ್ಲಿ ಉತ್ತರ ಹೇಳುವವರು ಬೇಕಾಗುತ್ತದೆ. ನನಗೆ ಕನ್ನಡದ ಜೊತೆಗೆ ಕೊಡವ ತಕ್ಕ್ ಮತ್ತು ಅರೆಭಾಷೆ ಮಾತನಾಡಲು ಬರುತ್ತದೆ, ಮಲಯಾಳ ಅರ್ಥವಾಗುತ್ತದೆ. ಇದನ್ನು ಅರ್ಜಿಯಲ್ಲಿ ಬರೆಯಲು ಮರೆತಿದ್ದೆ.

ನನ್ನ ವಿದ್ಯಾಭ್ಯಾಸ ಹಾಗೂ ನಾಲ್ಕು ವರ್ಷದ ಅನುಭವದ ವಿವರ ಅರ್ಜಿಯಲ್ಲಿ ಇರುವುದರಿಂದ ಅದನ್ನೆಲ್ಲ ಮತ್ತೆ ಬರೆದು ತಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಆದರೆ ಸಂದರ್ಶನದ ದಿನದ ಒಂದು ಸಂಗತಿಯನ್ನು ಹೇಳಲೇಬೇಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ತಾವು ಕೊಟ್ಟ ರೋಬಸ್ಟಾ ಚೆರಿಯ ತೇವಾಂಶ ನೋಡುವಾಗ, ಮಾಪಕವು ಹಿಂದಿನವರು ಬಿಟ್ಟುಹೋದ ಪಾರ್ಚ್‌ಮೆಂಟ್ ಸೆಟ್ಟಿಂಗಿನಲ್ಲೇ ಇರುವುದನ್ನು ನಾನು ಗಮನಿಸಲಿಲ್ಲ. ಬಂದ ಅಂಕಿಯನ್ನು ಹಾಗೆಯೇ ಹಾಳೆಯ ಮೇಲೆ ಬರೆದೆ. ಆಮೇಲೆ ಒಂದು ಹಿಡಿ ಚೆರಿಯನ್ನು ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದಾಗ, ಚೆನ್ನಾಗಿ ಒಣಗಿದ ಚೆರಿಯಲ್ಲಿ ಕೇಳಬೇಕಾದ ಗಲಗಲ ಸದ್ದು ಕೇಳಿಸದೆ ಮಂದವಾಗಿ ಕೇಳಿಸಿತು. ಆಗ ಅನುಮಾನ ಬಂದು ಸೆಟ್ಟಿಂಗ್ ನೋಡಿ, ಬದಲಾಯಿಸಿ, ಮತ್ತೆ ಅಳೆದು, ಮೊದಲ ಅಂಕಿಯನ್ನು ಅಡ್ಡಗೆರೆ ಎಳೆದು ತಿದ್ದಿದೆ. ರೋಬಸ್ಟಾ ಚೆರಿಗೆ ಇರಬೇಕಾದ ಶೇಕಡಾ 11ಕ್ಕಿಂತ ತೇವಾಂಶ ಹೆಚ್ಚೇ ಇತ್ತು. ತಪ್ಪನ್ನು ನಾನೇ ಹಿಡಿದೆನೆಂಬ ಸಮಾಧಾನ ಆಗ ಇತ್ತು. ಆದರೆ ಮಾಪಕಕ್ಕೆ ಕಾಫಿ ಹಾಕುವ ಮೊದಲೇ ಸೆಟ್ಟಿಂಗ್ ನೋಡುವುದು ಪರಿವೀಕ್ಷಕರ ಮೊದಲ ಕೆಲಸವಾಗಿರಬೇಕಿತ್ತು. ಆಯ್ಕೆ ಸಮಿತಿ ಅದನ್ನು ನನ್ನ ಕೊರತೆ ಎಂದು ಬರೆದುಕೊಂಡಿದ್ದರೆ ಅದು ನ್ಯಾಯವೇ. ಈಗ ನಾನು ಕೆಲಸ ಮಾಡುವ ಕಡೆ ಮಾಪಕದ ಪಕ್ಕದಲ್ಲೇ ಒಂದು ಪುಸ್ತಕ ಇಟ್ಟಿದ್ದೇನೆ. ಪ್ರತಿ ಲೋಡಿಗೂ ಮೊದಲು ಸೆಟ್ಟಿಂಗ್, ಆಮೇಲೆ ಅಂಕಿ ಬರೆಯುತ್ತೇವೆ.

ಔಟ್‌ಟರ್ನ್ ಬಗ್ಗೆ ತಾವು ಕೇಳಿದ ಪ್ರಶ್ನೆಗೂ ಅಂದು ಉತ್ತರವನ್ನು ಅವಸರದಲ್ಲಿ ಮುಗಿಸಿದ್ದೆ. ಒಂದು ಕಿಲೋ ಚೆರಿಯ ಸ್ಯಾಂಪಲ್ಲನ್ನು ಹಲ್ಲರಿನಲ್ಲಿ ಸುಲಿದಾಗ 520 ಗ್ರಾಂ ಬೀಜ ಸಿಕ್ಕರೆ, ಐವತ್ತು ಕಿಲೋ ಚೀಲಕ್ಕೆ ಓಟಿ 26 ಎಂದಾಗುತ್ತದೆ ಎಂಬ ಲೆಕ್ಕವನ್ನಷ್ಟೇ ಹೇಳಿದೆ. ಹೇಳಬೇಕಾಗಿದ್ದದ್ದು ಅದರ ಮುಂದಿನ ಮಾತು. ಆ ಅಂಕಿ ಒಂದೇ ಒಂದು ಇಳಿದರೂ ಬೆಳೆಗಾರರಿಗೆ ಪ್ರತಿ ಚೀಲದಲ್ಲಿ ಒಂದು ಕಿಲೋ ಬೀಜದ ಬೆಲೆ ಕಡಿಮೆಯಾಗುತ್ತದೆ, ಆದ್ದರಿಂದ ಸ್ಯಾಂಪಲ್ಲನ್ನು ಮೇಲಿನ ಎರಡು ಚೀಲದಿಂದ ತೆಗೆಯದೆ ಲೋಡಿನ ಮೇಲೆ, ನಡುವೆ, ಅಡಿಯಲ್ಲಿ ಎಲ್ಲ ಕಡೆಯಿಂದ ಬೆಳೆಗಾರರ ಎದುರೇ ತೆಗೆಯಬೇಕು. ನಮ್ಮದೂ ಮೂರು ಎಕರೆ ರೋಬಸ್ಟಾ ತೋಟ ಇರುವುದರಿಂದ ತೂಕದ ಯಂತ್ರದ ಆ ಕಡೆ ನಿಂತವರ ಆತಂಕ ನನಗೆ ಗೊತ್ತು.

ಕಪ್ ಟೇಸ್ಟಿಂಗಿನಲ್ಲಿ ನನ್ನ ಅನುಭವ ಕಡಿಮೆ ಎಂಬುದು ನನಗೇ ತಿಳಿದಿದೆ. ಬರುವ ಸೀಸನ್ನಿನ ಒಳಗೆ ಅದರಲ್ಲಿ ತರಬೇತಿ ಪಡೆಯಬೇಕೆಂದಿದ್ದೇನೆ. ಇದಲ್ಲದೆ ಬೇರೆ ಯಾವ ವಿಷಯದಲ್ಲಿ ನಾನು ಹಿಂದೆ ಬಿದ್ದೆ ಎಂಬುದನ್ನು, ಸಂಸ್ಥೆಯ ನಿಯಮಕ್ಕೆ ಅಡ್ಡಿಯಾಗದಿದ್ದರೆ, ಎರಡು ಸಾಲಿನಲ್ಲಿ ಬರೆದು ತಿಳಿಸಿದರೂ ಉಪಕಾರವಾಗುತ್ತದೆ. ಅದಕ್ಕೆ ಪ್ರತಿವಾದ ಹೂಡಲು ಕೇಳುತ್ತಿಲ್ಲ. ಯಾವುದನ್ನು ಮೊದಲು ಕಲಿಯಬೇಕೆಂದು ತೀರ್ಮಾನಿಸಲು ಸಹಾಯವಾಗಲಿ ಎಂದು ಮಾತ್ರ ಕೇಳುತ್ತಿದ್ದೇನೆ. ಬರೆಯಲು ಆಗದಿದ್ದರೆ ಅದನ್ನೂ ನಾನು ಅರ್ಥ ಮಾಡಿಕೊಳ್ಳುತ್ತೇನೆ.

ನನ್ನ ಅರ್ಜಿ, ಅಂಕಪಟ್ಟಿಗಳ ಪ್ರತಿ ಮತ್ತು ಸಂದರ್ಶನದ ಟಿಪ್ಪಣಿಗಳನ್ನು 2026ರ ಮೇ ಕೊನೆಯವರೆಗೆ ತಮ್ಮ ಕಡತದಲ್ಲಿ ಇಟ್ಟುಕೊಳ್ಳಲು ನನ್ನ ಪೂರ್ಣ ಒಪ್ಪಿಗೆ ಇದೆ. ಹೊಸದಾಗಿ ಅರ್ಜಿ ಹಾಕಬೇಕೆಂಬ ನಿಯಮವಿದ್ದರೆ ತಿಳಿಸಿದ ಕೂಡಲೇ ಹಾಕುತ್ತೇನೆ. ಮತ್ತೊಮ್ಮೆ ಪರೀಕ್ಷೆ, ಸಂದರ್ಶನ ಮೊದಲಿನಿಂದ ನಡೆಸುವುದಾದರೂ ಸರಿ. ಈಗಿರುವ ಕೆಲಸದಿಂದ ಬಿಡುಗಡೆಯಾಗಲು ನಾನು ಒಂದು ತಿಂಗಳ ಮುಂಚೆ ತಿಳಿಸಬೇಕಾಗುತ್ತದೆ. ಇದನ್ನು ಗಮನದಲ್ಲಿಡಬೇಕೆಂದು ಕೋರುತ್ತೇನೆ, ಏಕೆಂದರೆ ಸೀಸನ್ ನಡುವೆ ಅವರನ್ನು ಕೈಬಿಟ್ಟು ಬರುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಫೋನ್ ಸಂಖ್ಯೆ ಮತ್ತು ವಿಳಾಸ ಅರ್ಜಿಯಲ್ಲಿರುವುದೇ ಆಗಿದ್ದು, ಏನಾದರೂ ಬದಲಾದರೆ ನಾನೇ ಬರೆದು ತಿಳಿಸುತ್ತೇನೆ.

ನಡುನಡುವೆ ಫೋನ್ ಮಾಡಿ ತಮಗೆ ತೊಂದರೆ ಕೊಡುವುದಿಲ್ಲ. ಹೊಸ ಬೆಳೆ ಬರುವ ಮುಂಚೆ, ನವೆಂಬರ್ ಮೊದಲ ವಾರದಲ್ಲಿ, ಒಂದು ಸಲ ಮಾತ್ರ ಪತ್ರ ಬರೆದು ವಿಚಾರಿಸುತ್ತೇನೆ. ಅದಕ್ಕೆ ಮೊದಲೇ ಯಾವುದಾದರೂ ಅವಕಾಶ ಬಂದರೆ ತಾವು ಕರೆದ ದಿನ ಬಂದು ಹಾಜರಾಗುತ್ತೇನೆ.

ಸಂದರ್ಶನದ ದಿನ ಪ್ರಯೋಗಾಲಯವನ್ನೂ ಗ್ರೇಡಿಂಗ್ ವಿಭಾಗವನ್ನೂ ತೋರಿಸಿ, ಕೇಳಿದ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರಿಸಿದ ಹಿರಿಯ ಸಿಬ್ಬಂದಿಗೂ ನನ್ನ ವಂದನೆಗಳನ್ನು ತಿಳಿಸಬೇಕಾಗಿ ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಕಾವೇರಿ
ಗುಣಮಟ್ಟ ಮೇಲ್ವಿಚಾರಕ ಹುದ್ದೆಯ ಅಭ್ಯರ್ಥಿ

ಲಗತ್ತು: ತಮ್ಮ ದಿನಾಂಕ 13.06.2025ರ ಪತ್ರದ ಪ್ರತಿ. ಭಾಷೆಗಳ ವಿವರ ಸೇರಿಸಿದ ಪರಿಷ್ಕೃತ ಸ್ವವಿವರ, ಎರಡು ಪುಟ.