ಸಹನಾಳ ಮದುವೆಗೆ ಬರಲಾಗದ ಬಗ್ಗೆ ಸೋದರಮಾವನವರಿಗೆ ಪತ್ರ

ಬೆಂಗಳೂರು
20 ಏಪ್ರಿಲ್ 2025, ಭಾನುವಾರ

ಪೂಜ್ಯ ಮಾವನವರಿಗೆ ವಿದ್ಯಾ ಮಾಡುವ ನಮಸ್ಕಾರಗಳು.

ಮೊನ್ನೆ ಮಂಗಳವಾರ ನೀವು ಸಹನಾಳ ಲಗ್ನಪತ್ರಿಕೆಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, 27ರ ಭಾನುವಾರ ಅತ್ತೆಯೊಂದಿಗೆ ಮನೆಗೇ ಬಂದು ಕರೆಯುವುದಾಗಿ ಬರೆದಿದ್ದಿರಿ. ಅದಕ್ಕೆ ನಾನು ಕೊಟ್ಟ ಉತ್ತರ ಇಷ್ಟೇ: ‘ಮದುವೆಗೆ ಬರಲು ಆಗುವುದಿಲ್ಲ ಮಾವ, ಇಲ್ಲಿ ಬಿಡುವಿಲ್ಲ. ಕರೆಯಲು ಅಷ್ಟು ದೂರ ಬರಬೇಡಿ.’ ನೀವು ಅದಕ್ಕೆ ‘ಆಯಿತಮ್ಮ’ ಎಂದಷ್ಟೇ ಬರೆದಿರಿ. ರಾತ್ರಿ ಮತ್ತೆ ಓದಿಕೊಂಡಾಗ, ಕುಂಕುಮ ಅಕ್ಷತೆ ಹಿಡಿದು ಬರುತ್ತೇನೆಂದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ ಹಾಗಿದೆ ನನ್ನ ಮಾತು ಎಂದು ನನಗೇ ನಾಚಿಕೆಯಾಯಿತು. ಫೋನಿನಲ್ಲಿ ಹೇಳಲು ಹೊರಟರೆ ಅಳು ಬಂದು ಅರ್ಧಕ್ಕೇ ನಿಲ್ಲುತ್ತದೆಂದು ಈ ಪತ್ರ ಬರೆಯುತ್ತಿದ್ದೇನೆ.

‘ಬಿಡುವಿಲ್ಲ’ ಎಂದಿದ್ದು ಸರಿಯಾದ ಮಾತಲ್ಲ. ಇವರ ತಾಯಿ 9ನೇ ತಾರೀಖು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು, 11ರಂದು ಶಸ್ತ್ರಚಿಕಿತ್ಸೆಯಾಯಿತು. ನಿಮ್ಮ ಸಂದೇಶ ಬಂದಾಗ ಅವರನ್ನು ಮನೆಗೆ ಕರೆತರಲು ಆಸ್ಪತ್ರೆಯ ಬಿಲ್ಲಿನ ಸಾಲಿನಲ್ಲಿ ನಿಂತಿದ್ದೆ. ಮದುವೆಯ ಮನೆಯವರ ಕಿವಿಗೆ ಇಂಥ ಸುದ್ದಿ ಹಾಕುವುದು ಬೇಡವೆಂದು ಯಾರಿಗೂ ತಿಳಿಸಿರಲಿಲ್ಲ, ಆದರೆ ಕಾರಣವನ್ನು ಮುಚ್ಚಿಟ್ಟು ಬರುವುದಿಲ್ಲವೆಂಬ ಮಾತನ್ನು ಮಾತ್ರ ತಿಳಿಸಿದ್ದು ಇನ್ನೂ ದೊಡ್ಡ ತಪ್ಪಾಯಿತು.

ಬರುವ ದಾರಿಯನ್ನು ನಾನು ಹುಡುಕದೇ ಇಲ್ಲ. ಮದುವೆಯ ಹಿಂದಿನ ದಿನ ಬುಧವಾರ ರಾತ್ರಿ ಬಸ್ಸು ಹತ್ತಿ, ಗುರುವಾರ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿಳಿದು, ಧಾರೆ ಮುಗಿಸಿಕೊಂಡು ಅಂದು ರಾತ್ರಿಯೇ ಹೊರಟುಬಿಡೋಣವೆಂದರೂ ಎರಡು ರಾತ್ರಿ ಅವರ ಬಳಿ ಯಾರಾದರೂ ಇರಬೇಕು. ನೋಡಿಕೊಳ್ಳಲು ಗೊತ್ತುಮಾಡಿರುವ ಹೆಂಗಸು ಸಂಜೆ ಆರಕ್ಕೆ ಹೊರಟುಬಿಡುತ್ತಾಳೆ. ವಾಕರ್ ಹಿಡಿದು ನಡೆಯುವಾಗಲೂ ಪಕ್ಕದಲ್ಲಿ ಆಸರೆಗೆ ಒಬ್ಬರು ಇರಲೇಬೇಕೆಂದು ವೈದ್ಯರು ಹೇಳಿದ್ದಾರೆ, ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ಇವರು ಮಸ್ಕತ್‌ನಿಂದ ಬಂದು ಆಪರೇಷನ್ ಮುಗಿಸಿ ಹಿಂತಿರುಗಿದ್ದಾರೆ. ಜೂನ್‌ವರೆಗೆ ಮತ್ತೆ ರಜೆಯಿಲ್ಲ. ‘ನೀನು ಹೋಗಿ ಬಾ, ನಾನು ಹೇಗೋ ಇರುತ್ತೇನೆ’ ಎಂದು ಇವರ ತಾಯಿ ದಿನಕ್ಕೊಮ್ಮೆ ಹೇಳುತ್ತಾರೆ. ಆ ‘ಹೇಗೋ’ ಎಂಬುದಕ್ಕೇ ನನಗೆ ಧೈರ್ಯ ಸಾಲದು.

ಅಮ್ಮ ಇದ್ದಿದ್ದರೆ ಸಹನಾಳಿಗೆ ಸೋದರತ್ತೆಯಾಗಿ ನಿಂತು ಮಾಡಬೇಕಾದ ಕೆಲಸಗಳನ್ನೆಲ್ಲ ಈಗ ನಾನು ಮಾಡಬೇಕಿತ್ತು, ಅದನ್ನು ನೀವು ಬಾಯಿಬಿಟ್ಟು ಹೇಳದಿದ್ದರೂ ಅತ್ತೆ ನಿಶ್ಚಿತಾರ್ಥದ ದಿನವೇ ನನ್ನ ಕೈ ಹಿಡಿದುಕೊಂಡು ಹೇಳಿದ್ದರು. 2009ರಲ್ಲಿ ನನ್ನ ಮದುವೆಗೆ ನೀವು ಮೂರು ದಿನ ಮುಂಚೆಯೇ ಬಂದು, ಅಡಿಗೆಯವರಿಗೆ ತೆಂಗಿನಕಾಯಿ ಎಣಿಸಿಕೊಡುವುದರಿಂದ ಹಿಡಿದು ನನ್ನನ್ನು ಮಂಟಪಕ್ಕೆ ಕರೆತರುವವರೆಗೆ ಎಲ್ಲವನ್ನೂ ಮಾಡಿದ್ದಿರಿ. ಹಾಗಿರುವಾಗ ನಿಮ್ಮ ಮನೆಯ ಮದುವೆಗೆ ನಾನಿಲ್ಲವೆಂದರೆ ನಿಮಗೆ ನೋವಾಗುವುದು ಸಹಜ. ಸಿಟ್ಟು ಬಂದಿದ್ದರೆ ಫೋನು ಮಾಡಿ ಬೈದುಬಿಡಿ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ತಮ್ಮ ಶ್ರೀನಿಧಿ ಮಂಗಳವಾರ ಸಂಜೆಯೇ ಅಲ್ಲಿಗೆ ಬರುತ್ತಾನೆ, ಚಪ್ಪರದ ದಿನದಿಂದ ಅವನನ್ನು ಯಾವ ಕೆಲಸಕ್ಕೆ ಬೇಕಾದರೂ ಹಚ್ಚಿ. ಅಡಿಗೆಮನೆಯ ಉಸ್ತುವಾರಿ ಮಾತ್ರ ಅವನಿಗೆ ಕೊಡಬೇಡಿ, ಹೋಳಿಗೆ ಲೆಕ್ಕಕ್ಕೆ ಸಿಗುವುದಿಲ್ಲ. ಅಮ್ಮ ಸಹನಾಳಿಗೆಂದೇ ತೆಗೆದಿಟ್ಟಿದ್ದ ಅರಗಿನ ಬಣ್ಣದ ರೇಷ್ಮೆ ಸೀರೆಯನ್ನು ಅವನ ಕೈಯಲ್ಲಿ ಕಳಿಸುತ್ತೇನೆ. ಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿದ್ದೀರಿ; ಇದು ಅವಳ ಸೋದರತ್ತೆ ಕೊಟ್ಟದ್ದಾದ್ದರಿಂದ ಆ ಮಾತು ಇದಕ್ಕೆ ಅನ್ವಯಿಸುವುದಿಲ್ಲ. ರವಿಕೆ ಹೊಲಿಸಲು ಅಳತೆ ಬೇಕು, ದಯವಿಟ್ಟು ಅತ್ತೆಯಿಂದ ಈ ವಾರದೊಳಗೆ ಕಳಿಸಿಕೊಡಿ.

ಇನ್ನೊಂದು ಕೋರಿಕೆಯಿದೆ. ಕರೆಯಲು ಬರಬೇಡಿ ಎಂದಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಬರಲಾಗದವಳನ್ನು ಏಕೆ ಕರೆಯಬೇಕು ಎಂದುಕೊಳ್ಳದೆ, ಬೆಂಗಳೂರಿನ ಉಳಿದ ಮನೆಗಳಿಗೆ ಹೇಗೂ ಬರುವವರು 27ರಂದು ನಮ್ಮ ಮನೆಗೂ ಬಂದು, ಕುಂಕುಮವಿಟ್ಟು ಪತ್ರಿಕೆ ಕೊಟ್ಟು, ಊಟ ಮಾಡಿಕೊಂಡೇ ಹೋಗಬೇಕು. ಅಂದು ಮಧ್ಯಾಹ್ನ ಹನ್ನೆರಡೂವರೆಗೆ ಎಲೆ ಹಾಕಿಸಿರುತ್ತೇನೆ. ಇವರ ತಾಯಿಯೂ ನಿಮ್ಮನ್ನು ನೋಡಬೇಕೆನ್ನುತ್ತಿದ್ದಾರೆ.

ಅತ್ತೆಗೆ ನನ್ನ ನಮಸ್ಕಾರಗಳನ್ನೂ ಸಹನಾಳಿಗೆ ಆಶೀರ್ವಾದಗಳನ್ನೂ ತಿಳಿಸಿ.

ಇಂತಿ ನಿಮ್ಮ ಮಗಳಂತಹ
ವಿದ್ಯಾ