ಒಪ್ಪಿಗೆಯಿಲ್ಲದೆ ಬಿಲ್‌ಗೆ ಸೇರಿಸಿದ ಶುಲ್ಕದ ಬಗ್ಗೆ ದೂರು

ದಿನಾಂಕ: 12 ಜೂನ್ 2025

ಗೆ,
ಗ್ರಾಹಕ ದೂರು ಪರಿಹಾರ ಅಧಿಕಾರಿಗಳು,
ಪೋಸ್ಟ್‌ಪೇಯ್ಡ್ ವಿಭಾಗ

ವಿಷಯ: 4417ರಲ್ಲಿ ಕೊನೆಗೊಳ್ಳುವ ಮೊಬೈಲ್ ಸಂಖ್ಯೆಗೆ ನನ್ನ ಒಪ್ಪಿಗೆಯಿಲ್ಲದೆ ವಿಧಿಸಿದ ವಿಡಿಯೊ ಪ್ಯಾಕ್ ಶುಲ್ಕವನ್ನು ಹಿಂದಿರುಗಿಸಿ, ಲಿಖಿತವಾಗಿ ಖಚಿತಪಡಿಸುವಂತೆ ಕೋರಿಕೆ. ಹಿಂದಿನ ದೂರಿನ ಸಂಖ್ಯೆ 20418863, ದಿನಾಂಕ 7 ಜೂನ್ 2025.

ಮಾನ್ಯರೇ,

ನನ್ನ ಹೆಸರಿನಲ್ಲಿರುವ ಪೋಸ್ಟ್‌ಪೇಯ್ಡ್ ಖಾತೆಯಲ್ಲಿ ಎರಡು ಸಂಖ್ಯೆಗಳಿದ್ದು, ಮೇಲೆ ಹೇಳಿದ ಎರಡನೆಯ ಸಂಖ್ಯೆಯನ್ನು ನನ್ನ ತಾಯಿಯವರು ಬಳಸುತ್ತಾರೆ. ಏಪ್ರಿಲ್ 5, ಮೇ 5 ಮತ್ತು ಜೂನ್ 5ರ ಬಿಲ್‌ಗಳಲ್ಲಿ ಆ ಸಂಖ್ಯೆಯ ಕೆಳಗೆ ‘ವಿಡಿಯೊ ಪ್ಯಾಕ್ – ಮಾಸಿಕ’ ಎಂಬ ಸಾಲಿನಲ್ಲಿ 99.00 ಹಾಗೂ ಅದರ ಮೇಲಿನ ತೆರಿಗೆ 17.82 ಸೇರಿ ತಿಂಗಳಿಗೆ 116.82ರಂತೆ, ಮೂರು ಬಿಲ್‌ಗಳಿಂದ ಒಟ್ಟು 350.46 ವಸೂಲಾಗಿದೆ. ಬಿಲ್ ಮೊತ್ತ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುವ ವ್ಯವಸ್ಥೆ ಇರುವುದರಿಂದ ಮೊದಲ ಎರಡು ತಿಂಗಳು ಇದು ನನ್ನ ಗಮನಕ್ಕೆ ಬರಲಿಲ್ಲ. ಅಷ್ಟರ ಮಟ್ಟಿಗೆ ತಪ್ಪು ನನ್ನದು; ಆದರೆ ಬಿಲ್ ಓದದೆ ಇದ್ದದ್ದನ್ನು ಒಪ್ಪಿಗೆ ಎಂದು ಎಣಿಸಲಾಗದು.

ಜೂನ್ 7ರಂದು ಸಹಾಯವಾಣಿಗೆ ಕರೆ ಮಾಡಿದಾಗ ಮಾತನಾಡಿದ ಪ್ರತಿನಿಧಿಯವರು, ಮಾರ್ಚ್ 19ರ ನಸುಕಿನ 2 ಗಂಟೆ 47 ನಿಮಿಷಕ್ಕೆ ಈ ಪ್ಯಾಕ್ ಆರಂಭವಾಗಿದೆಯೆಂದೂ, “ಇಂಟರ್ನೆಟ್ ನೋಡುವಾಗ ನೀವೇ ಯಾವುದೋ ಜಾಹೀರಾತು ಒತ್ತಿರಬೇಕು” ಎಂದೂ ತಿಳಿಸಿದರು. ಈ ಉತ್ತರವನ್ನು ಒಪ್ಪಲು ನನಗೆ ಸಾಧ್ಯವಿಲ್ಲ. ತಾಯಿಯವರ ಕೈಯಲ್ಲಿರುವುದು ಗುಂಡಿಗಳಿರುವ ಸಾದಾ ಫೋನ್. ಅದರಲ್ಲಿ ಕರೆ, ಸಂದೇಶ ಮತ್ತು ಟಾರ್ಚ್ ಬಿಟ್ಟರೆ ಬೇರೇನೂ ಇಲ್ಲ, ವಿಡಿಯೊ ನೋಡಲು ತಕ್ಕ ಪರದೆಯೂ ಇಲ್ಲ. ನನ್ನ ಮಾತನ್ನು ನಂಬಬೇಕೆಂದೇನಿಲ್ಲ, ತಾವೇ ಕಳಿಸಿದ ಬಿಲ್‌ಗಳನ್ನು ನೋಡಬಹುದು: ಮೂರರಲ್ಲಿಯೂ ಈ ಸಂಖ್ಯೆಯ ಡೇಟಾ ಬಳಕೆ 0.00 ಎಂಬಿ ಎಂದೇ ಮುದ್ರಿತವಾಗಿದೆ. ಒಂದು ಬೈಟ್ ಡೇಟಾವನ್ನೂ ಬಳಸದ ಸಂಖ್ಯೆಯಿಂದ ಅಂತರ್ಜಾಲದ ಜಾಹೀರಾತನ್ನು ಒತ್ತಿದ್ದು ಹೇಗೆಂಬುದನ್ನು ಸಂಸ್ಥೆಯೇ ವಿವರಿಸಬೇಕಾಗಿದೆ.

ಪ್ಯಾಕ್ ಆರಂಭವಾದ ಬಗ್ಗೆ ಸಂದೇಶ ಕಳಿಸಲಾಗಿದೆ ಎಂದೂ ಅವರು ಹೇಳಿದ್ದರು. ತಾಯಿಯವರಿಗೆ ಸಂದೇಶಗಳನ್ನು ಅಳಿಸುವ ಅಭ್ಯಾಸವಿಲ್ಲವಾದ್ದರಿಂದ ಜನವರಿಯಿಂದ ಈಚಿನವೆಲ್ಲ ಆ ಫೋನಿನಲ್ಲಿ ಹಾಗೆಯೇ ಇವೆ. ನಾನು ಒಂದೊಂದಾಗಿ ಓದಿದೆ. ಮಾರ್ಚ್ 17ರಿಂದ 21ರವರೆಗೆ ಬಂದಿರುವುದು ಎರಡೇ ಸಂದೇಶ, ಒಂದು ಬ್ಯಾಂಕಿನದು, ಇನ್ನೊಂದು ಕಣ್ಣಿನ ಆಸ್ಪತ್ರೆಯದು. ಒಪ್ಪಿಗೆ ಕೇಳುವ ಸಂದೇಶವಾಗಲಿ, ಪ್ಯಾಕ್ ಆರಂಭವಾಯಿತೆಂಬ ಸೂಚನೆಯಾಗಲಿ, ಮುಂದಿನ ತಿಂಗಳುಗಳಲ್ಲಿ ನವೀಕರಣದ ಮಾಹಿತಿಯಾಗಲಿ ಎಲ್ಲಿಯೂ ಕಾಣಲಿಲ್ಲ.

ಜೂನ್ 7ರಂದೇ ಪ್ಯಾಕ್ ನಿಲ್ಲಿಸಿದ್ದಾಗಿ ಪ್ರತಿನಿಧಿಯವರು ತಿಳಿಸಿ, ಒಂದು ತಿಂಗಳ ಮೊತ್ತವನ್ನು ‘ಸೌಜನ್ಯದ ರಿಯಾಯಿತಿ’ಯಾಗಿ ಬಿಟ್ಟುಕೊಡುವುದಾಗಿ ಹೇಳಿದರು. ನಾನು ಅದನ್ನು ನಿರಾಕರಿಸಿದ್ದೇನೆ. ಅದು ದೂರಿನ ಟಿಪ್ಪಣಿಯಲ್ಲಿ ದಾಖಲಾಗಿರದಿದ್ದರೆ ಈಗ ದಾಖಲಿಸಿಕೊಳ್ಳಿ. ಕೇಳದೆ ಕೊಟ್ಟ ಸೇವೆಗೆ ಕೇಳದೆ ತೆಗೆದುಕೊಂಡ ಹಣ ಹಿಂತಿರುಗುವುದು ರಿಯಾಯಿತಿಯಲ್ಲ. ಹಾಗೆಂದು ಬರೆದುಕೊಂಡರೆ ಶುಲ್ಕ ಸರಿಯಾಗಿಯೇ ಇತ್ತು, ದಯೆಯಿಂದ ಬಿಟ್ಟರು ಎಂದಾಗುತ್ತದೆ.

ಆದ್ದರಿಂದ 350.46ರ ಪೂರ್ಣ ಮೊತ್ತವನ್ನು, ತೆರಿಗೆಯೂ ಸೇರಿದಂತೆ, ಕಡಿತವಾದ ಬ್ಯಾಂಕ್ ಖಾತೆಗೇ ಹಿಂದಿರುಗಿಸಬೇಕೆಂದು ಕೋರುತ್ತೇನೆ. ಮುಂದಿನ ಬಿಲ್‌ನಲ್ಲಿ ಹೊಂದಿಸುವುದೇ ಸಂಸ್ಥೆಯ ಪದ್ಧತಿಯಾದರೆ, ‘ತಪ್ಪಾಗಿ ವಿಧಿಸಿದ ಶುಲ್ಕದ ವಾಪಸಾತಿ’ ಎಂದು ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕು. ಒಪ್ಪಿಗೆ ಪಡೆಯಲಾಗಿತ್ತು ಎಂಬ ನಿಲುವು ಮುಂದುವರಿಯುವುದಾದರೆ, ಆ ಒಪ್ಪಿಗೆ ಯಾವ ಮಾರ್ಗದಿಂದ, ಯಾವ ಸಾಧನದಿಂದ, ಯಾವ ಕ್ಷಣದಲ್ಲಿ ಬಂದಿತೆಂಬ ದಾಖಲೆಯ ಪ್ರತಿಯನ್ನು ನನಗೆ ಒದಗಿಸಬೇಕು.

ಹಣದಷ್ಟೇ ಮುಖ್ಯವಾದದ್ದು ಲಿಖಿತ ಉತ್ತರ, ಏಕೆಂದರೆ ಕರೆಯಲ್ಲಿ ಕೊಟ್ಟ ಭರವಸೆಗೆ ಮುಂದಿನ ಬಾರಿ ಮಾತನಾಡುವ ಪ್ರತಿನಿಧಿ ಹೊಣೆಯಾಗುವುದಿಲ್ಲ. ಈ ಪ್ಯಾಕ್ ಯಾವ ದಿನಾಂಕದಿಂದ ರದ್ದಾಗಿದೆ, ಅದು ಮತ್ತೆ ನವೀಕರಣಗೊಳ್ಳುವುದಿಲ್ಲ, ಜೂನ್ 5ರ ನಂತರದ ಅವಧಿಗೂ ಶುಲ್ಕ ಬರುವುದಿಲ್ಲ ಮತ್ತು ಖಾತೆಯ ಎರಡೂ ಸಂಖ್ಯೆಗಳಿಗೆ ಹೊರಗಿನ ಕಂಪನಿಗಳ ಚಂದಾ ಸೇವೆಗಳನ್ನು ತಡೆಹಿಡಿಯಲಾಗಿದೆ ಎಂಬುದನ್ನು ಸ್ಪಷ್ಟವಾಗಿ ಬರೆದು, ಖಾತೆಯಲ್ಲಿ ನೋಂದಾಯಿಸಿರುವ ಇಮೇಲ್ ವಿಳಾಸಕ್ಕೆ, ಈ ಪತ್ರ ತಲುಪಿದ 15 ದಿನಗಳೊಳಗೆ ಕಳಿಸಬೇಕಾಗಿ ವಿನಂತಿ. ಆ ಅವಧಿಯಲ್ಲಿ ಉತ್ತರ ಬಾರದಿದ್ದರೆ ಈ ದೂರನ್ನು ಇದೇ ದಾಖಲೆಗಳೊಂದಿಗೆ ಮೇಲ್ಮನವಿಗೆ ಒಯ್ಯುತ್ತೇನೆ.

ಮೂರು ಬಿಲ್‌ಗಳ ಪ್ರತಿ, ಮಾರ್ಚ್ ತಿಂಗಳ ಸಂದೇಶಗಳ ಪಟ್ಟಿ ತೋರುವ ಫೋನಿನ ಚಿತ್ರ ಮತ್ತು ಸಂಬಂಧಪಟ್ಟ ಕಡಿತಗಳನ್ನು ಗುರುತಿಸಿದ ಬ್ಯಾಂಕ್ ವಿವರಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸುಮತಿ
(ಖಾತೆದಾರರು)