ಬಜೆಟ್ ಮತ್ತು ರಿಸರ್ವ್ ಬ್ಯಾಂಕ್ ಪಾಲಿಸಿ ವಾರ: ನಮ್ಮ ಟೇಬಲ್‌ನ ನಿಯಮಗಳು

ಡೊಂಬಿವಲಿ ಪೂರ್ವ, ಶನಿವಾರ, 24 ಜನವರಿ 2026

ಇದು ನಮ್ಮ ನಾಲ್ವರಿಗೆ: ಅಕ್ಕ, ಮುಲುಂಡಿನ ಅಳಿಯ, ಅಣ್ಣನ ಮಗ, ಮತ್ತೆ ನಾನು. ಖಾತೆ ನಾಲ್ಕೂ ಬೇರೆ ಬೇರೆ, ದುಡ್ಡೂ ಅವರವರದ್ದೇ. ಆದರೆ ಹೋಟೆಲ್ ಮೇಲಿನ ಈ ರೂಮಿನಲ್ಲಿ ಕೂತು ವ್ಯಾಪಾರ ಮಾಡುವಷ್ಟು ದಿನ ಈ ನಿಯಮ ಎಲ್ಲರಿಗೂ ಒಂದೇ. ನನಗೂ.

ಈ ಸಲ ದಿನಗಳು ಒತ್ತೊತ್ತಾಗಿ ಬಂದಿವೆ. 27ನೇ ತಾರೀಖು ಮಂಗಳವಾರ ಜನವರಿ ಎಕ್ಸ್‌ಪೈರಿ. ಬುಧವಾರ ಮಧ್ಯರಾತ್ರಿ ಕಳೆದು 12:30ಕ್ಕೆ ಅಮೆರಿಕದ ಫೆಡ್ ನಿರ್ಧಾರ. ಫೆಬ್ರವರಿ 1 ಭಾನುವಾರ ಬಜೆಟ್, ಅವತ್ತು ಮಾರ್ಕೆಟ್ ತೆರೆದಿರುತ್ತದೆ. 3ನೇ ತಾರೀಖು ನಿಫ್ಟಿ ವಾರದ ಎಕ್ಸ್‌ಪೈರಿ. 6ನೇ ತಾರೀಖು ಶುಕ್ರವಾರ ಬೆಳಿಗ್ಗೆ 10ಕ್ಕೆ ರಿಸರ್ವ್ ಬ್ಯಾಂಕ್ ಗವರ್ನರ್ ಮಾತು.

ಎಷ್ಟು ಕಳೆದುಕೊಳ್ಳಬಹುದು

ಬಜೆಟ್‌ನಲ್ಲಿ ಏನು ಬರುತ್ತದೆ ಅಂತ ಈ ರೂಮಿನಲ್ಲಿ ಯಾರೂ ಭವಿಷ್ಯ ಹೇಳಬೇಕಾಗಿಲ್ಲ. ಟೀವಿಯವರು ಹೇಳ್ತಾರೆ, ಸಾಕು. ನಾವು ಹಾಕಬೇಕಾದ ಲೆಕ್ಕ ಒಂದೇ: ತಪ್ಪಾದರೆ ಎಷ್ಟು ಹೋಗುತ್ತದೆ?

ನಿಯಮ 1. ಒಂದೊಂದು ಖಾತೆಯಲ್ಲಿ ₹20 ಲಕ್ಷ ಇದೆ. ಬಜೆಟ್ ದಿನ ಒಂದು ಖಾತೆಯಲ್ಲಿ ₹30,000ಕ್ಕಿಂತ ಜಾಸ್ತಿ ಹೋಗುವಂತೆ ಇರಕೂಡದು. ಬಜೆಟ್ ಮತ್ತು ಪಾಲಿಸಿ ಎರಡೂ ಸೇರಿ ₹50,000. ಭಾನುವಾರ ₹30,000 ಹೋದರೆ ಶುಕ್ರವಾರಕ್ಕೆ ಉಳಿದದ್ದು ₹20,000, ಅಷ್ಟೇ. ಭಾನುವಾರ ಲಾಭ ಬಂತು ಅಂತ ಶುಕ್ರವಾರದ ಮಿತಿ ಬೆಳೆಯುವುದಿಲ್ಲ. ಡೆಲಿವರಿಯಲ್ಲಿಟ್ಟ ಹಳೆಯ ಶೇರುಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಬ್ರೋಕರ್ ಸಾಲದಲ್ಲಿ ತಗೊಂಡ ಶೇರು ಸೇರುತ್ತದೆ.

ನಿಯಮ 2. ಲೆಕ್ಕ ಹಾಕುವಾಗ ಬಜೆಟ್‌ಗೆ ನಿಫ್ಟಿ ಎರಡೂ ಕಡೆಗೆ 3% ಓಡುತ್ತದೆ ಎಂದುಕೊಳ್ಳಿ. ಪಾಲಿಸಿಗೆ ನಿಫ್ಟಿ 1.5%, ಬ್ಯಾಂಕ್ ನಿಫ್ಟಿ 2.5%. 3% ಅಂದ್ರೆ ಜಾಸ್ತಿ ಆಯ್ತು ಅಂತ ಅಳಿಯನ ತಕರಾರು. 2020ರ ಫೆಬ್ರವರಿ 1, ಅದೂ ರಜೆಯ ಶನಿವಾರ, ನಿಫ್ಟಿ ಸುಮಾರು 2.5% ಇಳಿಯಿತು. ಮರುವರ್ಷ ಅದೇ ತಾರೀಖು 4.7% ಏರಿತು. ಆ ಏರಿಕೆಯಲ್ಲಿ ಕಾಲ್ ಮಾರಿ ಕೂತವರ ಗತಿ ನೆನಪಿಸಿಕೊಳ್ಳಿ. 3% ಜಾಸ್ತಿಯೇನಲ್ಲ.

ಈಗ ನಿಫ್ಟಿ 25,000 ಎಂದಿಟ್ಟುಕೊಳ್ಳಿ. 3% ಅಂದರೆ 750 ಪಾಯಿಂಟ್. ಒಂದು ಲಾಟ್ 65. ಒಂದೇ ಒಂದು ಲಾಟ್ ಫ್ಯೂಚರ್ ಸುಮ್ನೆ ಹಿಡಿದು ಕೂತರೆ ₹48,750 ಹೋಗಬಹುದು. ಅಂದ ಮೇಲೆ ನಮ್ಮ ಮಿತಿಯಲ್ಲಿ ಹೆಡ್ಜ್ ಇಲ್ಲದ ಫ್ಯೂಚರ್‌ಗೆ ಜಾಗವೇ ಇಲ್ಲ, ಒಂದು ಲಾಟ್‌ಗೂ. ಇದರ ಬಗ್ಗೆ ಚರ್ಚೆ ಬೇಡ, ಕ್ಯಾಲ್ಕುಲೇಟರ್ ಒತ್ತಿ ನೋಡಿ.

ಮೊದಲು ಏನು ಕಡಿಮೆ ಮಾಡಬೇಕು

ನಿಯಮ 3. ಹೆಡ್ಜ್ ಇಲ್ಲದೆ ಮಾರಿದ ಆಪ್ಷನ್ ಎಲ್ಲಕ್ಕಿಂತ ಮೊದಲು ಹೋಗಬೇಕು. ಗುರುವಾರ 29ರ ಮಧ್ಯಾಹ್ನ 3ರೊಳಗೆ ಸೊನ್ನೆ. ಶುಕ್ರವಾರಕ್ಕೆ ಬಿಡಬೇಡಿ. ಕೊನೆಯ ದಿನ ಎಲ್ಲರೂ ಪುಟ್ ಕೊಳ್ಳಲು ಬರುತ್ತಾರೆ, ಪ್ರೀಮಿಯಂ ಉಬ್ಬಿರುತ್ತದೆ, ನೀವು ದುಬಾರಿ ಕೊಟ್ಟು ವಾಪಸ್ ಕೊಳ್ಳಬೇಕಾಗುತ್ತದೆ.

ಉಬ್ಬಿದ ಪ್ರೀಮಿಯಂ ನೋಡಿ ಮಾರುವ ಆಸೆ ಎಲ್ಲರಿಗೂ ಆಗುತ್ತದೆ. ಭಾಷಣ ಮುಗಿದ ಕೂಡಲೇ ಅದು ಕರಗುತ್ತದೆ ಎನ್ನುವುದೂ ನಿಜ. 2024ರ ಜೂನ್ 4ರ ಕತೆ ನನ್ನದೇ. ಜೂನ್ 3ರಂದು ಎಕ್ಸಿಟ್ ಪೋಲ್ ಖುಷಿಯಲ್ಲಿ ಮಾರ್ಕೆಟ್ 3%ಗಿಂತ ಜಾಸ್ತಿ ಏರಿತ್ತು. ನಾನು ಪುಟ್ ಮಾರಿ ಆರಾಮಾಗಿ ಮಲಗಿದೆ. ಮರುದಿನ ನಿಫ್ಟಿ ಸುಮಾರು 6% ಕುಸಿಯಿತು. ಸ್ಟಾಪ್ ಲಾಸ್ ಹಾಕಿದ್ದೆ. ಆಪ್ಷನ್‌ನಲ್ಲಿ `SL-M` ಸಿಗುವುದಿಲ್ಲ, ಲಿಮಿಟ್ ದರ ಕೊಡಲೇಬೇಕು. ಬೆಲೆ ನನ್ನ ಲಿಮಿಟ್ ದಾಟಿ ಹಾರಿಹೋಯಿತು, ಆರ್ಡರ್ ಹಾಗೇ ನಿಂತಿತ್ತು. ಬ್ರೋಕರ್ ಆ್ಯಪ್ 20 ನಿಮಿಷ ತೆರೆಯಲೇ ಇಲ್ಲ. ಆ ವರ್ಷದ ಗಳಿಕೆ ಪೂರ್ತಿ ಆ ಬೆಳಿಗ್ಗೆಗೇ ಹೋಯಿತು. ಅಕ್ಕನಿಗೆ ಗೊತ್ತು, ನಿಮಗಿಬ್ಬರಿಗೆ ಈಗ ಹೇಳುತ್ತಿದ್ದೇನೆ. ಅದಕ್ಕೇ ನಿಯಮ 3ಕ್ಕೆ ವಿನಾಯಿತಿ ಇಲ್ಲ.

ನಿಯಮ 4. ಶೇರು ಫ್ಯೂಚರ್‌ಗಳಲ್ಲಿ ಸಿಗರೇಟ್, ರೈಲ್ವೆ, ರಕ್ಷಣೆ, ಗೊಬ್ಬರ: ಇವು ಪೂರ್ತಿ ಬೇಡ. ಇಂಡೆಕ್ಸ್ ಪುಟ್ ಇವನ್ನು ಕಾಯುವುದಿಲ್ಲ. ನಿಫ್ಟಿ ಇದ್ದಲ್ಲೇ ಇದ್ದು ನಿಮ್ಮ ಶೇರು ಮಾತ್ರ 8% ಬೀಳಬಹುದು. ಉಳಿದ ಶೇರು ಫ್ಯೂಚರ್‌ಗಳಲ್ಲಿ ಮಂಗಳವಾರ ಫೆಬ್ರವರಿಗೆ ರೋಲ್ ಮಾಡುವುದು ಅರ್ಧ ಮಾತ್ರ, ಅದೂ ಅದೇ ಶೇರಿನ ಪುಟ್ ಜೊತೆಗೆ.

ನಿಯಮ 5. ಅಳಿಯನ ಚಿನ್ನದ ಫ್ಯೂಚರ್ ಶುಕ್ರವಾರ ಸಂಜೆಗೆ ಸೊನ್ನೆ. 2024ರ ಜುಲೈ 23ರಂದು ಆಮದು ಸುಂಕ 15%ರಿಂದ 6%ಕ್ಕೆ ಇಳಿಸಿದರು. ಅಂಥ ಸುದ್ದಿಗೆ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ, ಧೊಪ್ಪನೆ ಬೀಳುತ್ತದೆ. (ಮಗಳ ಮದುವೆಗೆ ಚಿನ್ನ ಕೊಳ್ಳುವ ಮನೆಯಲ್ಲಿ ಅವತ್ತು ಹಬ್ಬ, ಅದು ಬೇರೆ ಮಾತು.)

ನಿಯಮ 6. ಡೆಲಿವರಿ ಶೇರು ಹೆದರಿಕೊಂಡು ಮಾರಬೇಡಿ. ವರ್ಷದೊಳಗೆ ಮಾರಿದರೆ ಲಾಭದ ಮೇಲೆ 20% ತೆರಿಗೆ. ವರ್ಷ ದಾಟಿದ್ದರೆ ₹1.25 ಲಕ್ಷದ ಮೇಲಿನ ಲಾಭಕ್ಕೆ 12.5%. ವಾಪಸ್ ಕೊಳ್ಳುವ ಖರ್ಚು ಬೇರೆ. ಅಕ್ಕನ ಹತ್ತಿರ ₹15 ಲಕ್ಷದ ಶೇರುಗಳಿವೆ, ನಿಫ್ಟಿ 1 ಓಡಿದರೆ ಅವು ಸುಮಾರು 1.2 ಓಡುತ್ತವೆ. ಹಾಗಾಗಿ ಅದು ₹18 ಲಕ್ಷದ ನಿಫ್ಟಿ ಇದ್ದಂತೆ. ಒಂದು ಲಾಟ್ ಬೆಲೆ ₹16.25 ಲಕ್ಷ. ಒಂದು ಪುಟ್ ಸಾಕು. ಎರಡು ತಗೊಂಡರೆ ಅದು ಹೆಡ್ಜ್ ಅಲ್ಲ, ಮಾರ್ಕೆಟ್ ಬೀಳಲಿ ಅನ್ನೋ ಬೆಟ್.

ಹೆಡ್ಜ್ ಹಾಕುವುದು, ತೆಗೆಯುವುದು

ನಿಯಮ 7. ಪುಟ್ ಫೆಬ್ರವರಿ 10ರ ಎಕ್ಸ್‌ಪೈರಿಯದ್ದು, ಇಲ್ಲವೇ 24ರದ್ದು. 3ನೇ ತಾರೀಖಿನದು ಅಗ್ಗ, ನಿಜ. ಆದರೆ ಪಾಲಿಸಿ ಬರುವ ಮೊದಲೇ ಅದು ಸತ್ತಿರುತ್ತದೆ.

25,000ದಲ್ಲಿ ಒಂದು ಲಾಟ್ ಫ್ಯೂಚರ್ ಕೊಂಡಿದ್ದೀರಿ, 24,800 ಪುಟ್ ₹210ಕ್ಕೆ ಸಿಕ್ಕಿತು ಎಂದುಕೊಳ್ಳಿ. ಕೆಟ್ಟದ್ದು ಅಂದರೆ 200 ಮತ್ತು 210, ಒಟ್ಟು 410 ಪಾಯಿಂಟ್. 65ರಿಂದ ಗುಣಿಸಿದರೆ ₹26,650. ಮಿತಿಯೊಳಗೆ ಬಂತು. ₹210 ಜಾಸ್ತಿ ಅನ್ನಿಸಿದರೆ 24,200 ಪುಟ್ ಮಾರಿ ಸ್ವಲ್ಪ ವಾಪಸ್ ಪಡೆಯಬಹುದು. ನಮ್ಮ 3% ಲೆಕ್ಕ 24,250ಕ್ಕೆ ನಿಲ್ಲುತ್ತದೆ, ಅಲ್ಲಿಯವರೆಗೆ ರಕ್ಷಣೆ ಇದೆ. ಅದಕ್ಕಿಂತ ಮೇಲಿನ ಪುಟ್ ಮಾರಕೂಡದು. 24,400 ಮಾರಿದರೆ ಕೊಡೆಗೆ ತೂತು ಮಾಡಿಕೊಂಡಂತೆ.

ನಿಯಮ 8. ಹಾಕುವಾಗ ಮೊದಲು ಕೊಳ್ಳುವುದು, ಆಮೇಲೆ ಮಾರುವುದು. ತೆಗೆಯುವಾಗ ಮೊದಲು ಅಪಾಯದ ಕಾಲು (ಫ್ಯೂಚರ್, ಮಾರಿದ ಆಪ್ಷನ್), ಆಮೇಲೆ ಹೆಡ್ಜ್. ಅಣ್ಣನ ಮಗ ಡಿಸೆಂಬರ್‌ನಲ್ಲಿ ಪುಟ್‌ನ ಲಾಭ ನೋಡಿ ಅದನ್ನು ಮಾತ್ರ ಮಾರಿ, ಫ್ಯೂಚರ್ ಬರಿಮೈಯಲ್ಲಿ ಬಿಟ್ಟಿದ್ದ. ಮಾರ್ಕೆಟ್ ತಿರುಗಿತು, ಬಚಾವಾದ. ಅದನ್ನು ಬುದ್ಧಿವಂತಿಕೆ ಅಂದುಕೊಳ್ಳಬೇಡಪ್ಪ.

ನಿಯಮ 9. ಶುಕ್ರವಾರ 30ರ ಮಧ್ಯಾಹ್ನ 2:30ಕ್ಕೆ ಎಲ್ಲ ಹೆಡ್ಜ್ ಮುಗಿದಿರಬೇಕು. ಮಾರ್ಜಿನ್‌ಗೆ ಬೇಕಾದ ದುಡ್ಡೂ ಅವತ್ತೇ ಖಾತೆಗೆ. ಆಮೇಲೆ ಮನೆ ಗ್ರೂಪಿನಲ್ಲಿ ಒಂದು ಮೆಸೇಜ್. ಅಕ್ಕನ ಮೆಸೇಜ್ ಹೀಗಿರುತ್ತದೆ: «ಫ್ಯೂಚರ್ ಇಲ್ಲ. ಶೇರು 15 ಲಕ್ಷ. 24,800 ಪುಟ್ ಒಂದು ಲಾಟ್, 10 ಫೆಬ್ರವರಿ. ಹೋಗಬಹುದಾದದ್ದು ಪ್ರೀಮಿಯಂ ₹13,650.» ಮೆಸೇಜ್ ಕಳಿಸದವರು ಭಾನುವಾರ ಟರ್ಮಿನಲ್ ಮುಟ್ಟುವಂತಿಲ್ಲ, ಕಾಫಿ ಮಾಡಬಹುದು.

ಭಾನುವಾರ

ಅಳಿಯನಿಗೆ: ಅವತ್ತು ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ ಇರಬಹುದು. 8:30ರೊಳಗೆ ಡೊಂಬಿವಲಿ ಇಳಿದಿರಬೇಕು. «ಟ್ರೇನಲ್ಲಿದ್ದೇನೆ ಮಾವ, ನನ್ನದು ಮಾರಿಬಿಡಿ» ಅಂತ ಫೋನ್ ಬಂದರೆ ಯಾರೂ ಮಾರುವುದಿಲ್ಲ.

ನಿಯಮ 10. ಭಾಷಣ 11ಕ್ಕೆ. 10:45ರಿಂದ ಭಾಷಣ ಮುಗಿದು ಅರ್ಧ ಗಂಟೆಯವರೆಗೆ ಹೊಸ ಆರ್ಡರ್ ಇಲ್ಲ. ಮೊದಲರ್ಧ ಯೋಜನೆಗಳ ಮಾತು, ಮಾರ್ಕೆಟ್ ಏರುತ್ತಾ ಹೋಗಬಹುದು. ತೆರಿಗೆ ಬರುವುದು ಕೊನೆಯ ಭಾಗದಲ್ಲಿ. 2024ರ ಜುಲೈನಲ್ಲಿ ಶೇರು ಲಾಭದ ತೆರಿಗೆ ಏರಿಸಿದ್ದೂ, ಫ್ಯೂಚರ್ ಮತ್ತು ಆಪ್ಷನ್ ಮೇಲಿನ ವಹಿವಾಟು ತೆರಿಗೆ ಏರಿಸಿದ್ದೂ ಆ ಭಾಗದಲ್ಲೇ. ಮುಚ್ಚುವ ಆರ್ಡರ್ ಯಾವಾಗ ಬೇಕಾದರೂ ಸರಿ. ಇಂಟರ್ನೆಟ್ ಹೋದರೆ ಅಕ್ಕನ ಫೋನಿನ ಹಾಟ್‌ಸ್ಪಾಟ್, ಅದೂ ಹೋದರೆ ಬ್ರೋಕರ್ ಡೀಲಿಂಗ್ ನಂಬರಿಗೆ ಕರೆ. ನಂಬರ್ ಗೋಡೆ ಮೇಲೆ ಬರೆದಿದೆ.

ನಿಯಮ 11. ಪುಟ್ ಕರಗಿತು ಅಂತ ಭಾನುವಾರ ಸಂಜೆ ಅದನ್ನು ಮಾರಕೂಡದು. ಅದು ಶುಕ್ರವಾರಕ್ಕೂ ಬೇಕು. ಮೂರನೇ ತಾರೀಖಿನ ಎಕ್ಸ್‌ಪೈರಿ ದಿನ ಹೊಸದಾಗಿ ಏನೂ ಮಾರುವುದಿಲ್ಲ. ಮಾರಿದ ಇಂಡೆಕ್ಸ್ ಆಪ್ಷನ್‌ಗೆ ಅವತ್ತು 2% ಹೆಚ್ಚುವರಿ ಮಾರ್ಜಿನ್ ಕೇಳುತ್ತಾರೆ.

ಪಾಲಿಸಿಯ ದಿನ

ನಿಯಮ 12. ಗುರುವಾರ 5ರ 2:30ಕ್ಕೆ ಮತ್ತೆ ಅದೇ ಮೆಸೇಜ್. ಬ್ಯಾಂಕ್ ನಿಫ್ಟಿ 60,000ದಲ್ಲಿದ್ದರೆ 2.5% ಅಂದರೆ 1,500 ಪಾಯಿಂಟ್, ಲಾಟ್ 30, ಅಂದರೆ ₹45,000. ಭಾನುವಾರ ₹5,000ಕ್ಕಿಂತ ಜಾಸ್ತಿ ಹೋಗಿದ್ದರೆ ಅದೇ ಕತೆ, ಹೆಡ್ಜ್ ಇಲ್ಲದೆ ಜಾಗ ಇಲ್ಲ. ಅದಕ್ಕೀಗ ವಾರದ ಆಪ್ಷನ್ ಇಲ್ಲ, ಪುಟ್ ಬೇಕಾದರೆ 24ರದ್ದೇ ಕೊಳ್ಳಬೇಕು.

ರೆಪೊ 5.25%ರಲ್ಲಿದೆ. ಬರೀ ಆ ಒಂದು ಅಂಕಿ ಕೇಳಿ ಯಾರೂ ಗುಂಡಿ ಒತ್ತಬೇಡಿ. 2025ರ ಜೂನ್ 6ರಂದು ಕಾಲು ಪರ್ಸೆಂಟ್ ಕಾಯುತ್ತಿದ್ದವರಿಗೆ ಅರ್ಧ ಪರ್ಸೆಂಟ್ ಕಡಿತ ಸಿಕ್ಕಿತು, ಮೇಲೆ ಸಿಆರ್‌ಆರ್ 1% ಇಳಿಕೆ. ಅದೇ ಉಸಿರಿನಲ್ಲಿ ಮುಂದಿನ ಧೋರಣೆಯನ್ನು ಸಡಿಲದಿಂದ ತಟಸ್ಥಕ್ಕೆ ತಂದರು. ಖುಷಿಪಡುವ ಸುದ್ದಿಯೂ ಎಚ್ಚರಿಕೆಯೂ ಒಟ್ಟಿಗೇ. ದರ, ಸಿಆರ್‌ಆರ್, ಧೋರಣೆ, ಹಣದುಬ್ಬರದ ಅಂದಾಜು: ನಾಲ್ಕನ್ನೂ ಅಣ್ಣನ ಮಗ ಬೋರ್ಡಿನಲ್ಲಿ ಬರೆಯಬೇಕು. ಬರೆದು ಮುಗಿಯುವವರೆಗೆ ಹೊಸ ಆರ್ಡರ್ ಇಲ್ಲ. 12ಕ್ಕೆ ಪತ್ರಕರ್ತರ ಜೊತೆ ಮಾತು ಇರುತ್ತದೆ, ಅಲ್ಲೂ ಮಾರ್ಕೆಟ್ ತಿರುಗಬಹುದು.

ನಿಯಮ 13. ಕ್ಯಾಲೆಂಡರ್‌ನಲ್ಲಿ ಇಲ್ಲದ್ದೂ ಬರುತ್ತದೆ. 2022ರ ಮೇ 4ರ ಮಧ್ಯಾಹ್ನ 2ಕ್ಕೆ ಗವರ್ನರ್ ದಿಢೀರ್ ಬಂದು 0.40% ಏರಿಸಿದರು. 2019ರ ಸೆಪ್ಟೆಂಬರ್ 20ರಂದು ಜಿಎಸ್‌ಟಿ ಸಭೆಗೆಂದು ಗೋವಾಕ್ಕೆ ಹೋಗಿದ್ದ ಹಣಕಾಸು ಸಚಿವೆ ಅಲ್ಲಿಂದಲೇ ಕಂಪನಿ ತೆರಿಗೆ ಕಡಿತ ಘೋಷಿಸಿದರು, ಸೆನ್ಸೆಕ್ಸ್ 1,921 ಪಾಯಿಂಟ್ ಏರಿತು. ಆದ್ದರಿಂದ ನಿಯಮ 3 ಮತ್ತು 8 ವರ್ಷವಿಡೀ ಇರುತ್ತವೆ. ಉಳಿದವು ಫೆಬ್ರವರಿ 6ರ ಮಧ್ಯಾಹ್ನ 3ಕ್ಕೆ ಮುಗಿಯುತ್ತವೆ.

ನಿಯಮ 3 ಬಿಟ್ಟು ಬೇರೆ ಯಾವುದಕ್ಕಾದರೂ ಯಾರಿಗಾದರೂ ವಿನಾಯಿತಿ ಬೇಕಾದರೆ ಗುರುವಾರ 29ರೊಳಗೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು: ಯಾವ ಪೊಸಿಷನ್, ಎಷ್ಟು ಹೋಗಬಹುದು, ಯಾಕೆ. ಅಕ್ಕನೂ ನಾನೂ ಇಬ್ಬರೂ ಸಹಿ ಮಾಡಿದರೆ ಸರಿ. ನನಗೇ ಬೇಕಾದರೆ ಅಕ್ಕ ಒಬ್ಬಳ ಸಹಿ ಸಾಕು, ಅವಳು ಮಾಡುವುದಿಲ್ಲ ಅಂತ ನನಗೆ ಗೊತ್ತು.